ಖಣದ ರವಿಕೆಯ ಅಳತೆ

ನಿಮ್ಮ ಅಕ್ಕನ ನಿಶ್ಚಿತಾರ್ಥಕ್ಕೆ ನನ್ನ ತಾಯಿ ಕೊಟ್ಟ ಖಣದಲ್ಲೇ ರವಿಕೆ ಹೊಲಿಸುವುದೆಂದಾಗ ನಾನು ಹಿಗ್ಗಿದ್ದೆ. ನನ್ನ ಟ್ರಂಕಿನಲ್ಲಿ ಉಳಿದಿದ್ದ ಖಣ ಅದೊಂದೇ. ಆದರೆ ಅಳತೆಗೆ ನಿಮ್ಮ ಅಕ್ಕ ಕರೆದದ್ದು ನಿಮ್ಮ ಅಪ್ಪನ ತಾಯಿಯಾದ ಈ ಸಯನ್ ಅಜ್ಜಿಯನ್ನಲ್ಲ, ಘಾಟ್ಕೋಪರ್ ಅಜ್ಜಿಯನ್ನು, ನಿಮ್ಮ ತಾಯಿಯ ತಾಯಿಯನ್ನು. ಪರೇಲಿನ ಹೊಲಿಗೆ ಅಂಗಡಿಯವರು ಅಳತೆಯನ್ನು ಮೊಬೈಲಿನಲ್ಲಿ, ಅದೂ ಸೆಂಟಿಮೀಟರಿನಲ್ಲಿ ಕೇಳುತ್ತಾರೆ. ಆ ಅಜ್ಜಿಗೆ ಮೊಬೈಲು ಸಲೀಸು.

ನಿಮಗೆಲ್ಲ ಲಂಗ, ಚಡ್ಡಿ ಹೊಲಿದವಳು ನಾನು. ನನ್ನ ಟೇಪನ್ನೇ ತೆಗೆದುಕೊಂಡು ಅವರು ಅಳೆಯುತ್ತಿದ್ದರು. ನಿಮ್ಮ ಅಕ್ಕ ಅವರ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಳು. ನಾನು ಬಾಗಿಲ ಬಳಿ ಸೊಪ್ಪು ಸೋಸುತ್ತ ಕುಳಿತಿದ್ದೆ. ಸೊಪ್ಪಿಗಿಂತ ದಂಟೇ ಹೆಚ್ಚು ಬುಟ್ಟಿಗೆ ಬಿತ್ತು.

"ಎದಿ ಮೂವತ್ತ್ನಾಕೂವರಿ ಇಂಚು," ಎಂದರು ಅವರು. "ಎರಡೂವರಿಲೆ ಗುಣಸಿದ್ರ ಎಂಬತ್ತಾರು ಚಿಲ್ಲರ. ಚಿಲ್ಲರ ಬಿಡೂಣು, ಎಂಬತ್ತಾರು."

ನನಗೆ ತಡೆಯಲಾಗಲಿಲ್ಲ. "ಬೀಗರ, ಇಂಚಿಗೆ ಎರಡೂವರಿಗಿಂತ ಒಂಚೂರು ಹೆಚ್ಚು ಐತ್ರಿ. ಹತ್ತು ಇಂಚಿಗೆ ಇಪ್ಪತ್ತೈದಲ್ಲ, ಇಪ್ಪತ್ತೈದು ಪಾಯಿಂಟ್ ನಾಕು."

"ಅಷ್ಟರಾಗ ಏನಾಕ್ಕೈತ್ರಿ?"

"ಅಜ್ಜಿ, ಚಲೇಗಾ, ನಡೀತೈತಿ," ಎಂದಳು ನಿಮ್ಮ ಅಕ್ಕ, ನನ್ನ ಕಡೆ ನೋಡದೆ. "ಘಾಟ್ಕೋಪರ್ ಅಜ್ಜಿಗೆ ಗೊತ್ತೈತಿ."

ಆ ಮಾತು ಚುಚ್ಚಿತು. ಸುಮ್ಮನಿದ್ದರೆ ರವಿಕೆ ಬಿಗಿಯಾಗಿ ಬರುತ್ತದೆ, ಆಗ ಅವರ ಮುಖ ನೋಡಬೇಕು ಎಂದೂ ಅನಿಸಿತು. ಆದರೆ ಖಣದಲ್ಲಿ ಬಟ್ಟೆ ಕಡಿಮೆ, ಆಮೇಲೆ ಬಿಚ್ಚಿ ಸಡಿಲ ಮಾಡಲು ಒಳಗೆ ಅಂಚು ಉಳಿಯುವುದಿಲ್ಲ. ಎದ್ದು ಹೋಗಿ ಟೇಪಿನ ಮೂವತ್ತನಾಲ್ಕೂವರೆಯ ಮೇಲೆ ಬೆರಳಿಟ್ಟು, ಅದನ್ನು ಮಗುಚಿ ಹಿಂದಿನ ಸೆಂಟಿಮೀಟರ್ ಮಗ್ಗುಲು ತೋರಿಸಿದೆ. ಅಲ್ಲಿ ಅರವತ್ತೈದರ ಹತ್ತಿರ ಇತ್ತು.

"ನಮ್ಮ ಹುಡುಗಿ ಅಷ್ಟ ಸೊರಗ್ಯಾಳೇನ್ರಿ?" ಅವರು ನಕ್ಕರು. ನಿಮ್ಮ ಅಕ್ಕನೂ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ನನ್ನ ಟೇಪಿನಲ್ಲಿ ಸೆಂಟಿಮೀಟರಿನ ಎಣಿಕೆ ಇನ್ನೊಂದು ತುದಿಯಿಂದ ಶುರುವಾಗುತ್ತದೆ. ಇಷ್ಟು ವರ್ಷ ಆ ಮಗ್ಗುಲನ್ನು ಬಳಸದ ನನಗೆ ಅದು ಹೊಳೆದಿರಲಿಲ್ಲ.

"ಹಂಗಾರ ಆ ತುದಿಯಿಂದನ ಅಳೀರಿ," ಎಂದೆ. "ಇಂಚೂ ಬ್ಯಾಡ, ಗುಣಾಕಾರನೂ ಬ್ಯಾಡ."

ಅಳೆದರು. ಎಂಬತ್ತೇಳರ ಮೇಲೆ ಆರು ಗೆರೆ. ಅವರ ನಗು ನಿಂತಿತು. "ಒಂದೂವರಿ ಸೆಂಟಿಮೀಟರ್ ಮ್ಯಾಲೆ ಹೋತಲ್ರಿ. ಸೊಂಟಾನೂ ಕಡಿಮಿ ಹಾಕೇನಿ." ಟೇಪಿನ ತುದಿಯನ್ನು ನನ್ನ ಕೈಗೇ ಕೊಟ್ಟರು. ನಾನು ಅಳೆದು ಹೇಳಿದೆ, ಅವರು ಚಿಲ್ಲರೆ ಬಿಡದೆ ಪಾಯಿಂಟ್ ಸಮೇತ ಮೊಬೈಲಿನಲ್ಲಿ ಒತ್ತಿದರು.

ರವಿಕೆ ಮೈಗೆ ಸರಿಯಾಗಿ ಕೂತಿತು. ನಿಶ್ಚಿತಾರ್ಥದ ದಿನ ಯಾರೋ ಹೊಲಿಗೆಯನ್ನು ಹೊಗಳಿದಾಗ ನಿಮ್ಮ ಅಕ್ಕ, "ಘಾಟ್ಕೋಪರ್ ಅಜ್ಜಿ ಆರ್ಡರ್ ಮಾಡಿದ್ದು," ಎಂದಳು. ಅವರು ಪಕ್ಕದಲ್ಲೇ ಇದ್ದರು. "ಅಳತಿ ಸಯನ್ ಅಜ್ಜೀದು," ಎಂದು ತಾವೇ ತಿದ್ದಿದರು.

ಅವರು ಹಾಗಂದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಸಲೀಸಾಗಿ ನಾನಾಗಿದ್ದರೆ ಹೇಳುತ್ತಿರಲಿಲ್ಲ.