ಖಾಲಿ ಕ್ಯಾನಿನ ದಾರಿ

ಹೊಸಪೇಟೆಯ ಹಾಲು ಒಕ್ಕೂಟದ ಕಚೇರಿಯಲ್ಲಿ ಸಂಗ್ರಹಣೆ ವಿಭಾಗದ ಗುಮಾಸ್ತನಾಗಿದ್ದ ವರ್ಷಗಳಲ್ಲಿ ನನಗೆ ಬಂದಷ್ಟು ಸಿಟ್ಟು ಮುಂದೆಂದೂ ಬರಲಿಲ್ಲ. ಬೆಳಗಿನ ಹಾಲಿನ ಗಾಡಿಗಳು ಓಡಾಡುತ್ತಿದ್ದ ರೀತಿಯೇ ಹಾಗಿತ್ತು. ಹಂಪಿ ಕಡೆಯ ಹಳ್ಳಿಗಳ ಹಾಲು ಹೊಸಪೇಟೆಯ ಶೀತಲೀಕರಣ ಕೇಂದ್ರಕ್ಕೆ ಬರುತ್ತಿತ್ತು. ಗಾದಿಗನೂರು ಕಡೆಯ ಹಾಲಿನಲ್ಲಿ ಒಂದು ಪಾಲು ಹೊಸಪೇಟೆಯ ಬಾಗಿಲು ದಾಟಿಕೊಂಡು, ಕಮಲಾಪುರದ ಮೇಲೆ ಹಾದು, ಕಂಪ್ಲಿ ಕೇಂದ್ರಕ್ಕೆ ಹೋಗುತ್ತಿತ್ತು. ಎರಡೂ ಗಾಡಿಗಳು ಕಮಲಾಪುರದ ಹತ್ತಿರ ಎದುರುಬದುರಾಗಿ, ಹಾರ್ನ್ ಹೊಡೆದು ಮುಂದೆ ಸಾಗುತ್ತಿದ್ದವು. ಯಾಕೆ ಹೀಗೆ ಎಂದು ಕೇಳಿದರೆ, "ಮೊದಲಿಂದ್ಲೂ ಹಂಗ ಐತ್ರಿ" ಎಂಬ ಉತ್ತರ. ಕಂಪ್ಲಿ ಕೇಂದ್ರ ಶುರುವಾದಾಗ ಯಾರೋ ಯಾವುದೋ ಗಾಡಿಯನ್ನು ಆ ಕಡೆ ಕಳಿಸಿದ್ದರು, ಅದೇ ಪದ್ಧತಿಯಾಗಿ ಕುಳಿತಿತ್ತು.

ಕಾಲೇಜಿನಲ್ಲಿ ಓದಿದ್ದ, ಕಡಿಮೆ ಖರ್ಚಿನಲ್ಲಿ ಸರಕು ಸಾಗಿಸುವ ದಾರಿ ಹುಡುಕುವ ಸಾರಿಗೆ ಕೋಷ್ಟಕ ನೆನಪಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕ ಹಾಕಿದೆ. ಎಡಗಡೆ ಹಾಲು ಹೊರಡುವ ಮೂರು ಕಡೆ: ಹಂಪಿಯಿಂದ ದಿನಕ್ಕೆ ಮೂವತ್ತು ಕ್ಯಾನು, ಗಾದಿಗನೂರಿನಿಂದ ನಲವತ್ತು, ವಡ್ಡು ಕಡೆಯಿಂದ ಮೂವತ್ತು. ಮೇಲ್ಗಡೆ ಹಾಲು ಸೇರುವ ಮೂರು ಕೇಂದ್ರ: ಹೊಸಪೇಟೆಗೆ ನಲವತ್ತು ಕ್ಯಾನು, ಸಂಡೂರಿಗೆ ನಲವತ್ತು, ಕಂಪ್ಲಿಗೆ ಇಪ್ಪತ್ತು. ಅಡ್ಡ ಕೂಡಿದರೂ ನೂರು, ಉದ್ದ ಕೂಡಿದರೂ ನೂರು. ಚೌಕದ ಒಂಬತ್ತು ಮನೆಗಳಲ್ಲಿ ಒಂದೊಂದು ಕ್ಯಾನಿಗೆ ಗುತ್ತಿಗೆದಾರನಿಗೆ ಕೊಡುವ ಬಾಡಿಗೆಯನ್ನು ಬರೆದೆ.

ವಡ್ಡಿನ ಹಾಲು ಹತ್ತಿರದ ಸಂಡೂರಿಗೇ ಹೋಗುತ್ತಿತ್ತು, ಅಲ್ಲಿ ಮುಟ್ಟುವಂಥದ್ದೇನೂ ಇರಲಿಲ್ಲ. ಮಿಕ್ಕದ್ದನ್ನು ಒಂದು ಕ್ಯಾನಿನ ಲೆಕ್ಕ ಹಿಡಿದು ನೋಡಿದೆ. ಹಂಪಿಯ ಕ್ಯಾನನ್ನು ಕಂಪ್ಲಿಗೆ ತಿರುಗಿಸಿದರೆ ಹತ್ತು ರೂಪಾಯಿ ಖರ್ಚು, ಅದು ಹೊಸಪೇಟೆಗೆ ಬಾರದ್ದಕ್ಕೆ ಎಂಟು ಉಳಿತಾಯ. ಅದರ ಜಾಗಕ್ಕೆ ಗಾದಿಗನೂರಿನ ಕ್ಯಾನು ಹೊಸಪೇಟೆಗೆ ಬಂದರೆ ಆರು ಖರ್ಚು, ಅದು ಕಂಪ್ಲಿಗೆ ಹೋಗದ್ದಕ್ಕೆ ಹದಿನಾರು ಉಳಿತಾಯ. ಖರ್ಚು ಹದಿನಾರು, ಉಳಿತಾಯ ಇಪ್ಪತ್ತನಾಲ್ಕು. ಕ್ಯಾನಿಗೆ ಎಂಟರಂತೆ, ಕಂಪ್ಲಿಯ ಇಪ್ಪತ್ತು ಕ್ಯಾನಿಗೆ ದಿನಾ ನೂರಾ ಅರವತ್ತು. ಎಂಟುನೂರಾ ಅರವತ್ತಾಗುತ್ತಿದ್ದ ಬಾಡಿಗೆ ಏಳುನೂರಕ್ಕೆ ಇಳಿಯುತ್ತಿತ್ತು. ಖಾಲಿ ಉಳಿದ ಮನೆಗಳನ್ನೂ ಒಂದೊಂದಾಗಿ ಹೀಗೇ ಸುತ್ತು ಹಾಕಿ ನೋಡಿದೆ. ಯಾವುದಕ್ಕೆ ಹಾಲು ಕಳಿಸಿದರೂ ಖರ್ಚು ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಇದಕ್ಕಿಂತ ಕಡಿಮೆ ಸಾಧ್ಯವೇ ಇರಲಿಲ್ಲ. ಆ ಸಂಜೆ ನನ್ನ ಜಂಬ ನೋಡುವ ಹಾಗಿತ್ತು.

ವ್ಯವಸ್ಥಾಪಕರು ಕ್ಯಾಲೆಂಡರನ್ನು ಉಲ್ಟಾಪಲ್ಟಾ ಹಿಡಿದು ನೋಡಿ, "ಮಸ್ತ್ ಐತ್ರೀ, ಸೋಮವಾರದಿಂದ ಮಾಡ್ರಿ" ಎಂದರು. ಮೇಲಿನವರಿಗೆ ತಮ್ಮದೇ ಯೋಜನೆ ಎಂಬಂತೆ ಪತ್ರವನ್ನೂ ಬರೆದುಕೊಂಡರು. ಅದಕ್ಕೂ ನಾನು ಬೇಸರಪಡಲಿಲ್ಲ.

ಸೋಮವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮಂಗಳವಾರ ನಸುಕಿನಲ್ಲಿ ಫೋನು ಬಂತು. ಹಂಪಿ ಕಡೆಯ ಒಂದು ಹಳ್ಳಿಯ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಅವರ ಊರಿನ ಹಾಲು ಪೂರ್ತಿ ಈಗ ಕಂಪ್ಲಿ ಗಾಡಿಗೆ ಸೇರಿತ್ತು.

"ಸರ, ನಿನ್ನಿ ಗಾಡ್ಯಾಗ ಬಂದಿರೋ ಖಾಲಿ ಕ್ಯಾನು ನಮ್ಮವಲ್ರಿ. ಇವುಗಳ ಮ್ಯಾಲೆ ಗಾದಿಗನೂರು ಕಡೀ ನಂಬರ್ ಐತಿ."

ನಾನಿನ್ನೂ ಚಹಾ ಕುಡಿದಿರಲಿಲ್ಲ. "ಕ್ಯಾನು ಕ್ಯಾನೇ ಅಲ್ಲೇನಮ್ಮ? ತೊಳದಾರಿಲ್ಲ? ಹಾಕ್ರಿ ಹಾಲು" ಎಂದೆ.

"ನಂಬರ್ ಬ್ಯಾರೆ ಐತಲ್ರಿ ಸರ..."

"ನಂಬರ್ ಏನು ಹಾಲು ಕುಡಿತೈತೇನ್ರಿ? ಗಾಡಿ ನಿಲ್ಲಿಸಬ್ಯಾಡ್ರಿ, ಜಲ್ದಿ ಕಳಿಸ್ರಿ" ಎಂದು ಫೋನು ಇಟ್ಟೆ. ಇಂಥ ಸಣ್ಣಸಣ್ಣದಕ್ಕೂ ಫೋನು ಮಾಡುತ್ತಾರಲ್ಲ ಎಂದು ಹೆಂಡತಿಯ ಮುಂದೆ ಗೊಣಗಿದ್ದೂ ನೆನಪಿದೆ.

ಅದೇ ದಿನ ಹೊಸಪೇಟೆ ಕೇಂದ್ರದಲ್ಲಿ ಒಂದು ಕ್ಯಾನಿನ ಮುಚ್ಚಳ ತೆಗೆದವನಿಗೆ ಹುಳಿ ವಾಸನೆ ಬಡಿಯಿತು. ನಳಿಕೆಯಲ್ಲಿ ಒಂದಿಷ್ಟು ಹಾಲು ತೆಗೆದು ಕಾಯಿಸಿದ, ಒಡೆಯಿತು. ಕ್ಯಾನಿನ ಮೇಲಿದ್ದದ್ದು ಆ ಮಹಿಳಾ ಸಂಘದ ನಂಬರು. ಹಂಪಿ ಕಡೆಯ ಬೇರೆ ಹತ್ತು ಕ್ಯಾನು ಇನ್ನೂ ಹೊಸಪೇಟೆಗೇ ಬರುತ್ತಿದ್ದವು, ಹಾಗಾಗಿ ಆ ನಂಬರು ನೋಡಿ ಯಾರಿಗೂ ಏನೂ ಅನಿಸಲಿಲ್ಲ. ಬರೆದುಕೊಂಡರು. ಬೇಸಿಗೆಯಲ್ಲಿ ಆ ಸಂಘಕ್ಕೆ ಹಾಲು ಕೆಟ್ಟದ್ದಕ್ಕೆ ಎರಡು ನೋಟೀಸು ಹೋಗಿದ್ದವು. ಮೂರನೆಯದಾದರೆ ಅಲ್ಲಿಂದ ಹಾಲು ಎತ್ತುವುದನ್ನೇ ನಿಲ್ಲಿಸುವುದು ನಮ್ಮ ನಿಯಮ. ನಾನೇ ಫೋನು ಮಾಡಿ, "ನಿಮ್ಮ ಕ್ಯಾನಿನ ಹಾಲು ಒಡದೈತಿ, ಮೂರನೇ ನೋಟೀಸು ಬರ್ತೈತಿ" ಎಂದು ಹೇಳಿದೆ.

ಶನಿವಾರ ಹತ್ತು ಗಂಟೆಗೆ ಆಕೆ ನೋಟೀಸು ಹಿಡಿದುಕೊಂಡು ಕಚೇರಿಗೆ ಬಂದರು. ನಲವತ್ತರ ಆಸುಪಾಸು, ಬಸ್ಸಿನಲ್ಲಿ ನಿಂತುಕೊಂಡೇ ಬಂದ ಆಯಾಸ ಮುಖದಲ್ಲಿತ್ತು. "ಕುಂದ್ರಿ" ಎಂದರೆ ಕೂರಲಿಲ್ಲ.

"ಇದರಾಗ ಎಲ್ಲಿ ಒಡೀತು ಅಂತ ಬರದೀರಿ, ಓದ್ರಿ ಸರ."

"ಹೊಸಪೇಟಿ ಕೇಂದ್ರದಾಗ."

"ಸೋಮವಾರದಿಂದ ನಮ್ಮೂರ ಹಾಲು ಒಂದು ಹನಿ ಹೊಸಪೇಟಿಗೆ ಬಂದಿಲ್ಲ. ಎಲ್ಲಾ ಕಂಪ್ಲಿಗೆ ಹೋಗೈತಿ, ನೀವ ಕಳಿಸೀರಿ. ಕಂಪ್ಲಿಗೆ ಹೋದ ಹಾಲು ಹೊಸಪೇಟ್ಯಾಗ ಹೆಂಗ ಒಡೀತ್ರಿ?"

ಸೋಮವಾರದಿಂದ ಗಾಡಿಗಳು ಹೋಗಿಬಂದದ್ದನ್ನು ಒಂದೊಂದಾಗಿ ನೆನೆದು ನೋಡಿದೆ. ಕೇಂದ್ರಗಳಲ್ಲಿ ತುಂಬಿದ ಕ್ಯಾನು ಇಳಿಸಿದ ಗಾಡಿ, ಹಿಂದಿನ ದಿನ ತೊಳೆದಿಟ್ಟ ಖಾಲಿ ಕ್ಯಾನುಗಳನ್ನು ಏರಿಸಿಕೊಂಡು ಹಳ್ಳಿಗೆ ಮರಳುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಸೋಮವಾರ ಹಂಪಿಯ ಗಾಡಿ ಕಂಪ್ಲಿಗೆ ಹೋದಾಗ ಅಲ್ಲಿ ತೊಳೆಸಿಕೊಂಡು ಕಾದಿದ್ದವು ಗಾದಿಗನೂರಿನ ಕ್ಯಾನುಗಳು. ಗಾದಿಗನೂರಿನ ಗಾಡಿಗೆ ಹೊಸಪೇಟೆಯಲ್ಲಿ ಸಿಕ್ಕವು ಹಂಪಿಯ ಕ್ಯಾನುಗಳು. ಇಪ್ಪತ್ತಕ್ಕೆ ಇಪ್ಪತ್ತು, ಲೆಕ್ಕ ಸರಿ, ಯಾರೂ ತಕರಾರು ತೆಗೆಯಲಿಲ್ಲ. ಮಂಗಳವಾರ ಗಾದಿಗನೂರಿನ ಹಾಲು ಈಕೆಯ ಊರಿನ ಕ್ಯಾನಿನಲ್ಲಿ ಕುಳಿತು ಬಂತು. ಒಂದು ದಿನ ಬಿಟ್ಟು ಒಂದು ದಿನ ಕ್ಯಾನುಗಳು ಹೀಗೇ ಅದಲುಬದಲಾಗುತ್ತಿದ್ದವು. ಕೇಂದ್ರದವರು ಗಾಡಿಯ ಜೊತೆ ಬರುವ ಊರಿನ ಚೀಟಿ ನೋಡುವ ಗೋಜಿಗೆ ಹೋಗದೆ ಕ್ಯಾನಿನ ನಂಬರು ನೋಡಿ ಬರೆಯುತ್ತಿದ್ದರು. ನನ್ನ ಕೋಷ್ಟಕದಲ್ಲಿ ತುಂಬಿದ ಕ್ಯಾನು ಹೋಗುವುದಿತ್ತು, ಖಾಲಿ ಕ್ಯಾನು ಬರುವುದು ಇರಲಿಲ್ಲ. ಶುರು ಮಾಡುವ ಹಿಂದಿನ ಸಂಜೆ ಒಂದು ಟೆಂಪೊ ಕಳಿಸಿ ಎರಡು ಕೇಂದ್ರಗಳ ಕ್ಯಾನುಗಳನ್ನು ಅದಲುಬದಲು ಮಾಡಿಸಿದ್ದರೆ ಸಾಕಿತ್ತು. ಒಂದೇ ಒಂದು ಟ್ರಿಪ್ಪು! ಆಕೆ ಮಂಗಳವಾರವೇ ಹೇಳಿದ್ದರು ಎಂಬುದು ನೆನಪಾಗಿ ನನ್ನ ಮೇಲೆ ನನಗೇ ರೇಗಿತು.

ವ್ಯವಸ್ಥಾಪಕರಲ್ಲಿಗೆ ಹೋದೆ. ಅವರು ಕಡತದಿಂದ ತಲೆ ಎತ್ತಲಿಲ್ಲ.

"ನೋಟೀಸಿಗೆ ಸೈನ್ ಆಗೈತ್ರಿ. ಈಗ ತಪ್ಪಾತು ಅಂದ್ರ ಯೋಜನೆಗೇ ಹೆಸರು ಕೆಡ್ತೈತಿ. ಒಂದು ತಿಂಗಳು ಬಿಟ್ಟು ಸಂಘಾನ ಮತ್ತ ಚಾಲೂ ಮಾಡೋಣು, ಬಿಡ್ರಿ."

"ಒಂದು ತಿಂಗಳು ಹಾಲು ಎಲ್ಲಿ ಹಾಕ್ತಾರ್ರಿ ಅವರು?"

"ಅದು ನಿಮಗ್ಯಾಕ?"

ಮೂರು ವರ್ಷ ಕಾದ ಮೇಲೆ ನನ್ನ ಬಡ್ತಿಯ ಕಡತ ಅದೇ ಮೇಜಿಗೆ ಬಂದಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಧೈರ್ಯವಂತ ಎಂದು ನನ್ನನ್ನು ಯಾರೂ ಕರೆದಿಲ್ಲ. ಆದರೆ ಹೊರಗೆ ಆಕೆ ಇನ್ನೂ ನಿಂತೇ ಇದ್ದರು, ಕುರ್ಚಿ ಖಾಲಿ ಇತ್ತು. ಸಿಟ್ಟಿನ ಭರದಲ್ಲೇ ಬರೆದೆ: ಕ್ಯಾನು ಅದಲುಬದಲಾದದ್ದು ನನ್ನ ಯೋಜನೆಯ ದೋಷದಿಂದ, ಸಂಘದವರು ಮೊದಲೇ ತಿಳಿಸಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಒಡೆದ ಹಾಲು ಅವರದಲ್ಲ. ಕೆಳಗೆ ಸಹಿ ಹಾಕಿದೆ. ವ್ಯವಸ್ಥಾಪಕರು ಎರಡು ಸಲ ಓದಿ, "ಬರದೀರಲ್ಲ, ಈಗ ಉಣ್ರಿ" ಎಂದು ನೋಟೀಸನ್ನು ರದ್ದು ಮಾಡಿದರು. ನನ್ನ ಬಡ್ತಿಯ ಕಡತ ಅಲ್ಲಿಂದ ಎಲ್ಲಿಗೆ ಹೋಯಿತೋ, ಮತ್ತೆ ನಾನು ಅದನ್ನು ನೋಡಲಿಲ್ಲ. ಸಂಜೆ ಟೆಂಪೊ ಹೊಡೆಸಿ ಕ್ಯಾನುಗಳನ್ನು ಆಯಾ ಊರಿನ ದಾರಿಗೆ ಹಚ್ಚಿದೆ. ಯೋಜನೆಯೇನೋ ಉಳಿಯಿತು.

ನೋಟೀಸು ರದ್ದಾದ ಪತ್ರವನ್ನು ಕೈಗೆ ಕೊಟ್ಟಾಗ ಆಕೆ ಅದನ್ನು ಮಡಚಿ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಇದನ್ನ ನೀವ ನಮ್ಮೂರಿಗೆ ಬಂದು ಎಲ್ಲಾರ ಮುಂದ ಓದ್ರಿ ಸರ. ನಾ ಓದಿದ್ರ, ನಾನ ಹಚ್ಚಿ ಬರಿಸೀನಿ ಅಂತಾರ" ಎಂದರು.

ಭಾನುವಾರ ನಸುಕಿಗೇ ಬೈಕಿನಲ್ಲಿ ಹೋದೆ. ಸಂಘದ ಕಟ್ಟೆಯ ಮೇಲೆ ಹೆಂಗಸರು ಕೊಡ, ಡಬ್ಬಿ, ಚೊಂಬು ಹಿಡಿದು ಸಾಲು ನಿಂತಿದ್ದರು. ಓದಿದೆ. ಓದಿ ಮುಗಿಸಿದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಸಾಲಿನಿಂದ ದೂರ, ಬೇವಿನ ಮರದ ಬುಡದಲ್ಲಿ ಬರಿಗೈಲಿ ಕುಳಿತಿದ್ದ ಒಬ್ಬ ಮುದುಕಿಯ ಕಡೆ ನೋಡಿದರು.

ವಿಷಯವನ್ನು ಕಾರ್ಯದರ್ಶಿಯೇ ಹೇಳಿದರು. ಮುದುಕಿಯ ಎಮ್ಮೆ ಈದು ಹನ್ನೆರಡು ದಿನವಾಗಿತ್ತು. ಗಿಣ್ಣದ ಹಾಲು ಕಾಯಿಸಿದರೆ ಒಡೆಯುತ್ತದೆ, ಅದು ಯಾರಿಗೆ ಗೊತ್ತಿಲ್ಲ? ಆಕೆ ನಿಯಮದ ಪ್ರಕಾರ ಗಿಣ್ಣ ಮುಗಿಯುವವರೆಗೆ ಕಾದು, ಸೋಮವಾರವಷ್ಟೇ ಸಂಘಕ್ಕೆ ಹಾಕಲು ಶುರು ಮಾಡಿದ್ದಳು. ಮಂಗಳವಾರ ನನ್ನ ಫೋನು ಹೋದ ಮೇಲೆ ಊರೆಲ್ಲ ಸೇರಿ ತೀರ್ಮಾನಿಸಿತು: ದುಡ್ಡಿನ ಆಸೆಗೆ ಮುದುಕಿ ಗಿಣ್ಣದ ಹಾಲು ಬೆರೆಸಿದ್ದಾಳೆ. ಅಂದಿನಿಂದ ಆಕೆಯ ಕೊಡವನ್ನು ಯಾರೂ ಮುಟ್ಟಿರಲಿಲ್ಲ.

"ಅಮ್ಮಾ, ತಪ್ಪು ನನ್ನದು. ನಿಮ್ಮ ಹಾಲು ಚಲೋ ಇತ್ತು" ಎಂದೆ.

ಮುದುಕಿ ಮೇಲೆ ನೋಡಿದಳು. "ಚಲೋ ಇತ್ತು ಅಂತ ನನಗ ಗೊತ್ತೈತೆಪಾ. ನಾನ ಹಿಂಡೀನಿ."

"ಇವತ್ತಿಂದ ಹಾಕ್ರಿ. ಯಾರೂ ಏನೂ ಅನ್ನಂಗಿಲ್ಲ."

"ಏನು ಹಾಕ್ಲಿ? ದಿನಾ ಹಾಲು ಚೆಲ್ಲೋದು ನೋಡಲಾರದ ಮಗ ನಿನ್ನಿ ಎಮ್ಮಿ ಮಾರಿ ಬಂದ."

ಹಿಂದೆ ಕಟ್ಟೆಯ ಮೇಲೆ ಹಾಲು ತೂಗುತ್ತಿದ್ದವಳು ಮುಂದಿನ ಹೆಸರು ಕೂಗಿದಳು. ಸಾಲು ಒಂದು ಹೆಜ್ಜೆ ಸರಿಯಿತು. ನಾನು ಪತ್ರ ಹಿಡಿದುಕೊಂಡೇ ನಿಂತಿದ್ದೆ.

"ಹೊತ್ತಾತು, ನಿನ್ನ ಹಾಲಿನ ಗಾಡಿ ಬಂತು ನೋಡು" ಎಂದಳು ಮುದುಕಿ, ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಳ್ಳುತ್ತ.