ಒಳಲಂಗದ ವ್ಯಾಪಾರ

ಎಂಬತ್ಮೂರನೇ ಇಸವಿಯಲ್ಲಿ ಅಶ್ವತ್ಥಮ್ಮ ಎರಡು ಮೇಕೆ ಮಾರಿ ನಾನೂರು ರೂಪಾಯಿ ಸೆರಗಿಗೆ ಗಂಟು ಹಾಕಿಕೊಂಡಳು. ಚಿಕ್ಕಬಾಣಾವರದಲ್ಲಿ ನಾವು ಅವಳ ಬಾಡಿಗೆದಾರರು. ನನ್ನ ಗಂಡ ಕೆಲಸ ಮಾಡುವ ಪೀಣ್ಯದ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ, ಗೇಟಿನ ಹೊರಗೆ ಒಳಲಂಗ ಮಾರಿ ಎಂದು ಹುರಿದುಂಬಿಸಿದವಳು ನಾನೇ. ಈ ದುಡ್ಡು ಮುಳುಗಿದರೆ ಅವಳ ಗಂಡ ಚಿಕ್ಕಬೈರಪ್ಪ ಮತ್ತೆ ಅವಳ ಕೈಗೆ ಒಂದು ಕಾಸೂ ಕೊಡುವವನಲ್ಲ.

ಚಿಕ್ಕಪೇಟೆಯಲ್ಲಿ ಒಬ್ಬ ಅಂಗಡಿಯವ ಲಂಗಕ್ಕೆ ಹತ್ತು ರೂಪಾಯಿ ಎಂದ, ವಾಪಸ್ ಇಲ್ಲ ಎಂದ. ವೆಂಕಟರಮಣಪ್ಪ ಎಂಬಾತ ಹನ್ನೊಂದೂವರೆ ಎಂದ, ಚೀಟಿ ತಂದರೆ ಬದಲಿ ಕೊಡುವೆ ಎಂದ.

"ಅಕ್ಕ, ಹದಿನೈದಕ್ಕೆ ಮಾರಿದ್ರೆ ಹತ್ತರದ್ರಲ್ಲಿ ಒಂದಕ್ಕೆ ಐದು ರೂಪಾಯಿ ಲಾಭ. ಸುಮ್ನೆ ತಗೊಳ್ಳಿ" ಎಂದು ನಾನು ಅವಸರ ಮಾಡಿದೆ.

"ನಿಲ್ಲಮ್ಮ. ಆರು ಮಾರಿ ಎರಡು ವಾಪಸ್ ಬಂದ್ರೆ ಅಸಲು ಮಾತ್ರ ಕೈಗೆ, ಲಾಭ ಸೊನ್ನೆ. ಬಸ್ ಚಾರ್ಜು ನಿಮ್ಮಪ್ಪ ಕೊಡ್ತಾನಾ?"

ಅವಳ ಬಾಯಿಗೆ ನಾನು ಯಾಕೆ ಬಿದ್ದೆನೋ. ಎರಡೂ ಕಡೆಯಿಂದ ಎರಡೆರಡೇ ಕೊಂಡಳು. ಮನೆಯಲ್ಲಿ ಗೇಣಿನಿಂದ ಅಳೆದು, ಪ್ರತಿ ಜೋಡಿಯಲ್ಲಿ ಒಂದನ್ನು ಒಗೆದು ಒಣಗಿಸಿ, ಮತ್ತೆ ಅಳೆದಳು. ಹತ್ತು ರೂಪಾಯಿಯದು ನಾಲ್ಕು ಬೆರಳು ಕುಗ್ಗಿತ್ತು, ಬಣ್ಣ ಬಕೆಟ್ಟಿಗೆ ಇಳಿದಿತ್ತು. ಆ ಇಪ್ಪತ್ತು ರೂಪಾಯಿ ಹೋಯಿತು. ಇನ್ನೊಬ್ಬನದು ಹಾಗೇ ಇತ್ತು, ಆದರೆ ಒಗೆಯದೆ ಇಟ್ಟಿದ್ದರಲ್ಲಿ ಅಂಚಿನ ಹೊಲಿಗೆ ಬಿಟ್ಟಿತ್ತು. ಅವಳಿಗೆ ಖುಷಿಯೋ ಖುಷಿ. "ಈಗ ಗೊತ್ತಾಗ್ತದೆ ಅವನ ಮಾತು ಎಂಗೆ ಅಂತ."

ವೆಂಕಟರಮಣಪ್ಪ ಚೀಟಿ ನೋಡಿದ, ಗೊಣಗಿದ, ಆದರೂ ಬದಲಿ ಕೊಟ್ಟ. ಅದಾದ ಮೇಲೇ ಅವಳು ಮಿಕ್ಕ ದುಡ್ಡಿಗೆ ಅವನ ಹತ್ತಿರ ಮೂವತ್ತು ಕೊಂಡಿದ್ದು.

ಸಂಬಳದ ದಿನ ಗೇಟಿನ ಹತ್ತಿರ ಆರೇ ಹೋದವು. ಆ ವಾರವಿಡೀ ನನಗೆ ನಿದ್ದೆ ಬಾರದು. ಮುಂದಿನ ವಾರ ಬೋನಸ್ ದಿನ ಗೇಟು ತೆರೆದು ಹೆಂಗಸರು ಹರಿದು ಬಂದರು. ಎಲ್ಲರೂ ಮುಟ್ಟಿ ನೋಡಿದರೇ ಹೊರತು ಕೊಳ್ಳಲಿಲ್ಲ. ಅಷ್ಟರಲ್ಲಿ ಸೀತಾ ಎಂಬ ಹುಡುಗಿ ಹೋದ ವಾರ ಕೊಂಡ ಲಂಗ ಹಿಡಿದು ಬಂದಳು.

"ಅಮ್ಮ, ಒಂದೇ ಸಲ ಉಟ್ಟಿದ್ದು, ಹೊಲಿಗೆ ಬಿಟ್ಟಿದೆ ನೋಡಿ."

ಸುತ್ತಲಿನವರು ಕೈಯಲ್ಲಿದ್ದ ಲಂಗ ಕೆಳಗಿಟ್ಟರು. ಮುಗಿಯಿತು ಎಂದುಕೊಂಡೆ. ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅಶ್ವತ್ಥಮ್ಮ ಹೊಲಿಗೆ ನೋಡಿದಳು, ಹೊಸದನ್ನು ಅವಳ ಕೈಗಿಟ್ಟಳು.

"ತಗೋ ತಾಯಿ. ತಪ್ಪು ಮಾಲಿಂದು. ನಿಂದಲ್ಲ."

"ಈ ಅಮ್ಮ ಬದಲಾಯಿಸ್ಕೊಡ್ತಾರೆ ಕಣೇ!" ಎಂದಳು ಸೀತಾ, ಗೆಳತಿಗೆ.

ಅಲ್ಲಿಂದ ನೂಕುನುಗ್ಗಲು. ನಾನು ಚಿಲ್ಲರೆ ಕೊಡುವಷ್ಟರಲ್ಲಿ ಸುಸ್ತಾದೆ. ದೀಪ ಹತ್ತುವ ಹೊತ್ತಿಗೆ ಚೀಲದಲ್ಲಿ ಸೀತಾ ಕೊಟ್ಟ ಲಂಗ ಮಾತ್ರ ಉಳಿದಿತ್ತು.

ಹಾಳಾದ, ಒಗೆದ ಲಂಗಗಳದು, ಬಸ್ಸಿನದು ಎಲ್ಲ ಕಳೆದು ಕೈಗೆ ಬಂದ ಲಾಭ ಐವತ್ತು ರೂಪಾಯಿ. ಒಂದಕ್ಕೆ ಐದರ ಲೆಕ್ಕ ಹಾಕಿದ್ದ ನನಗೆ ಸಪ್ಪೆ ಎನಿಸಿತು. ಅವಳೋ ಆ ಒಂದು ಲಂಗವನ್ನು ನೀಟಾಗಿ ಮಡಿಸಿ, ವೆಂಕಟರಮಣಪ್ಪನ ಚೀಟಿ ಅದರೊಳಗಿಟ್ಟು, "ಬಾರಮ್ಮ, ಬೆಳಗ್ಗೆ ಮೊದ್ಲ ಬಸ್ಸಿಗೇ ಓಗಾನ. ಈ ಸಲ ಮೂವತ್ತೈದಾದ್ರೂ ತರ್ಬೇಕು" ಎಂದಳು.