ಮೂಗಿಲ್ಲದ ಬೋರ್ಡು

ಅಕ್ಕ ತಂಗಿಯರಲ್ಲಿ ತಂಗಿಯ ಮುಖ ಹುಟ್ಟಿದಾಗಿನಿಂದಲೂ ಜಿಡ್ಡು. ಬೆಳಗ್ಗೆ ಸೋಪು ಹಾಕಿ ಉಜ್ಜಿದರೂ ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಮಿಣಮಿಣ ಮಿಂಚುತ್ತಿದ್ದವು. ಅದಕ್ಕೆ ಅಕ್ಕ ಇಟ್ಟ ಹೆಸರು ಎಣ್ಣೆಬುಡ್ಡಿ. ಮನೆಯಲ್ಲಿ ಹುಟ್ಟಿದ ಹೆಸರು ಬೀದಿಗೆ ಬಂತು, ಬೀದಿಯಿಂದ ಶಾಲೆಗೆ ಹೋಯಿತು, ಕಡೆಗೆ ಅಂಗಡಿಯವನೂ "ಏನಮ್ಮ ಬುಡ್ಡಿ, ಏನು ಬೇಕು?" ಅನ್ನುವ ಮಟ್ಟಕ್ಕೆ ಬಂತು. ತಂಗಿ ನಕ್ಕು ಸುಮ್ಮನಾಗುತ್ತಿದ್ದಳು. ನಗುವವರ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ಇಣುಕಿ ನೋಡುತ್ತಾರೆ?

ಹೆಸರನ್ನಾದರೂ ಅವಳು ಮರೆಯುತ್ತಿದ್ದಳೇನೋ. ಮರೆಯಲಾಗದ್ದು ಹೋಟೆಲ್ಲಿನ ಸಂಗತಿ. ಅಕ್ಕ ಆಗ ಒಂದು ದೊಡ್ಡ ಹೋಟೆಲ್ಲಿನ ಮುಂಬಾಗಿಲ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಇನ್ನೊಬ್ಬಳು ಬೇಕೆಂದು ಗೊತ್ತಾಗಿ ತಂಗಿ ಅರ್ಜಿ ಹಾಕಿದಳು. ಮ್ಯಾನೇಜರು ಮಾತಾಡಿಸಿ ಮೆಚ್ಚಿಕೊಂಡರು. ಇನ್ನೇನು ಹ್ಞೂಂ ಅನ್ನಬೇಕು, ಪಕ್ಕದಲ್ಲಿದ್ದ ಅಕ್ಕ ನಗುತ್ತಾ ಅಂದಳು: "ಇವಳನ್ನ ಮುಂದೆ ನಿಲ್ಲಿಸಬೇಡಿ ಸಾರ್. ಲೈಟು ಬಿದ್ರೆ ಗಿರಾಕಿಗಳ ಕಣ್ಣು ಕುಕ್ಕುತ್ತೆ. ಹಿಂದೆ ಎಲ್ಲಾದ್ರೂ ಹಾಕಿ." ಮ್ಯಾನೇಜರೂ ನಕ್ಕರು. ತಂಗಿಗೆ ಸಿಕ್ಕಿದ್ದು ಒಗೆಯುವ ಕೋಣೆಯಲ್ಲಿ ಹಾಸಿಗೆಯ ಚಾದರ ಎಣಿಸುವ ಕೆಲಸ. ಒಂದು ವರ್ಷ ಎಣಿಸಿ ಬಿಟ್ಟಳು.

ಆಮೇಲೆ ಅವಳು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿತು ಒಂದು ಸ್ಟುಡಿಯೋ ಸೇರಿದಳು. ಕಿಟಕಿಗೆ ಕಪ್ಪು ಪರದೆ ಎಳೆದ ಸಣ್ಣ ಕೋಣೆ, ಎರಡು ಪರದೆಯ ಕಂಪ್ಯೂಟರು, ಕೈಗೊಂದು ಪೆನ್ನು, ಪೆನ್ನಿಗೊಂದು ಹಲಗೆ. ಮೊಡವೆ ತೆಗೆಯುವುದು, ಹಾರಿದ ಕೂದಲು ಅಳಿಸುವುದು ಎಲ್ಲ ಬರುತ್ತಿತ್ತು. ಆದರೆ ಮುಖದ ಜಿಡ್ಡಿನ ಹೊಳಪು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವಳು ಬಾಲ್ಯವನ್ನೆಲ್ಲ ಕನ್ನಡಿಯ ಮುಂದೆ ಆ ಹೊಳಪನ್ನೇ ದಿಟ್ಟಿಸುತ್ತಾ ಕಳೆದವಳಲ್ಲವೇ.

ಅಕ್ಕನೂ ಹೋಟೆಲ್ಲು ಬಿಟ್ಟು ಬ್ಯೂಟಿ ಪಾರ್ಲರ್ ತೆರೆದಿದ್ದಳು. ಒಂದು ಎರಡಾಗಿ, ಎರಡನೆಯದಕ್ಕೆ ದೊಡ್ಡ ಬೋರ್ಡು ಬೇಕಾಯಿತು. ಬೋರ್ಡಿಗೆ ತನ್ನದೇ ಮುಖ. ಸ್ಟುಡಿಯೋ ಮಾಲೀಕರು ಫೋಟೋ ತೆಗೆದುಕೊಟ್ಟ ಮೇಲೆ ಅಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತಳು. ವಯಸ್ಸಾದಂತೆ ಅವಳ ಚರ್ಮಕ್ಕೂ ಜಿಡ್ಡು ಹತ್ತಿತ್ತು. ಬಿಸಿ ದೀಪಗಳ ಕೆಳಗೆ ಕೂತದ್ದಕ್ಕೆ ಹಣೆಯ ನಡುವೆ, ಮೂಗಿನ ದಂಡೆಯುದ್ದಕ್ಕೂ ಬಿಳಿ ಬೆಳಕು ಕೂತಿತ್ತು.

"ನೀನೇ ತಾನೇ ಮಾಡೋದು?" ಎಂದಳು ಅಕ್ಕ. "ನೋಡು, ಮುಖದಲ್ಲಿ ಒಂಚೂರೂ ಹೊಳಪು ಇರಬಾರ್ದು. ಒಂಚೂರೂ. ಪಾರ್ಲರ್ ಇಟ್ಕೊಂಡೋಳ ಮುಖ ನಿನ್ನ ಥರ ಇದ್ರೆ ಯಾರು ಬರ್ತಾರೆ?"

ಕಡೆಯ ಮಾತು ಅವಳು ಬೇಕೆಂದು ಆಡಿದ್ದಲ್ಲ. ಉಸಿರು ಬಿಟ್ಟಷ್ಟೇ ಸಲೀಸಾಗಿ ಬಂದಿತ್ತು. ಅದೇ ತಂಗಿಯ ಎದೆಗೆ ನಾಟಿದ್ದು.

"ಒಂಚೂರೂ ಬೇಡ್ವಾ?" ಎಂದು ಕೇಳಿದಳು ತಂಗಿ.

"ಬೇಡ ಅಂದ್ನಲ್ಲ."

ಬೇರೆ ಯಾರೇ ಹೀಗೆ ಕೇಳಿದ್ದರೂ ತಂಗಿ ಕೂರಿಸಿ ಬುದ್ಧಿ ಹೇಳುತ್ತಿದ್ದಳು. ಹೊಳಪೆಲ್ಲ ಕೊಳೆಯಲ್ಲ, ಮೂಗು ಮುಂದಕ್ಕೆ ಬಂದಿದೆ, ಹಣೆ ದುಂಡಗಿದೆ ಎಂದು ಕಣ್ಣಿಗೆ ತಿಳಿಸುವುದೇ ಆ ಬೆಳಕು. ಜಿಡ್ಡಿನದನ್ನು ತೆಗೆದು ಚರ್ಮದ್ದನ್ನು ಉಳಿಸಬೇಕು ಎಂದು ವಿವರಿಸುತ್ತಿದ್ದಳು. ಈ ಸಲ ಬಾಯಿ ಬಿಡಲಿಲ್ಲ. "ಸರಿ ಅಕ್ಕಾ, ಹೇಳಿದಂಗೆ ಮಾಡ್ತೀನಿ" ಎಂದಳು.

ಫೋಟೋದ ಮೇಲೆ ಒಂದು ಖಾಲಿ ಲೇಯರ್ ಹಾಸಿದಳು. ಚಿತ್ರದ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ, ಬರೆದದ್ದೆಲ್ಲ ಹಾಳೆಯ ಮೇಲೇ ಇರುತ್ತದೆ, ಕೆಳಗಿನ ಚಿತ್ರಕ್ಕೆ ಗೀರು ಬೀಳುವುದಿಲ್ಲ. ಆ ಲೇಯರಿನ ಬ್ಲೆಂಡ್ ಮೋಡನ್ನು, ಅಂದರೆ ಕೆಳಗಿನ ಚಿತ್ರದೊಂದಿಗೆ ಬಣ್ಣ ಬೆರೆಯುವ ಬಗೆಯನ್ನು, ಡಾರ್ಕನ್‌ಗೆ ತಿರುಗಿಸಿದಳು. ಹಾಗೆ ಮಾಡಿದರೆ ನಾವು ಆರಿಸಿಕೊಂಡ ಬಣ್ಣ ಅದಕ್ಕಿಂತ ಬೆಳ್ಳಗಿರುವ ಕಡೆ ಮಾತ್ರ ಕೂರುತ್ತದೆ. ಅದಕ್ಕಿಂತ ಕಪ್ಪಗಿರುವ ಹುಬ್ಬು, ಗೆರೆ, ಚರ್ಮದ ಸಣ್ಣ ರಂಧ್ರ ಹಾಗೇ ಉಳಿಯುತ್ತವೆ. ಅದಕ್ಕೇ ಆ ದಾರಿ ಒಳ್ಳೆಯದು. ಆದರೆ ಬಣ್ಣವನ್ನು ಹೊಳಪಿನ ಪಕ್ಕದ ಚರ್ಮದಿಂದಲೇ ಎತ್ತಿಕೊಳ್ಳಬೇಕು. ಕುಂಚವನ್ನು ತೆಳ್ಳಗೆ, ಒಂದರ ಮೇಲೊಂದು ಎಳೆಯಬೇಕು.

ತಂಗಿ ಬಣ್ಣ ಎತ್ತಿದ್ದು ಕೆನ್ನೆಯ ನೆರಳಿನ ಕಡೆಯಿಂದ. ಅದು ಎಷ್ಟು ಗಾಢವೆಂದರೆ ಹೊಳ್ಳೆ ಬಿಟ್ಟರೆ ಮೂಗೆಲ್ಲ ಅದಕ್ಕಿಂತ ಬೆಳ್ಳಗೇ. ಕುಂಚವನ್ನು ಪೂರ್ತಿ ಗಟ್ಟಿಗೆ ಇಟ್ಟು ಹಣೆಯ ಮೇಲೆ ಎಳೆದಳು, ಮೂಗಿನ ದಂಡೆಯ ಮೇಲೆ ಎಳೆದಳು. ಒಂದೊಂದು ಎಳೆತಕ್ಕೂ ಹಲ್ಲು ಕಚ್ಚಿದ್ದಳು. ಇದು ಬುಡ್ಡಿ ಅಂದಿದ್ದಕ್ಕೆ. ಇದು ಚಾದರ ಎಣಿಸಿದ್ದಕ್ಕೆ. ಇದು ಮ್ಯಾನೇಜರು ನಕ್ಕಿದ್ದಕ್ಕೆ. ಮುಗಿಸಿ ಹಿಂದಕ್ಕೆ ಒರಗಿ ನೋಡಿದರೆ ಅಕ್ಕನ ಮುಖದಲ್ಲಿ ಎರಡು ಕಣ್ಣು, ಒಂದು ಬಾಯಿ, ನಡುವೆ ಎರಡು ಹೊಳ್ಳೆ. ಮಿಕ್ಕಿದ್ದೆಲ್ಲ ಸಾರಿಸಿದ ಗೋಡೆ.

ಮಾಲೀಕರು ನೋಡಿ ಹುಬ್ಬು ಗಂಟಿಕ್ಕಿದರು. "ಮೇಡಂ, ಮೂಗಿನ ಮೇಲೆ ಸ್ವಲ್ಪ ಬೆಳಕು ಬಿಡಬೇಕಿತ್ತಲ್ವಾ? ನೀವೇ ಯಾವಾಗ್ಲೂ ಹೇಳ್ತೀರಿ."

"ಒಂಚೂರೂ ಬೇಡ ಅಂದಿದಾರೆ ಸಾರ್. ಅವರಿಗೇ ಕಳಿಸಿ ಕೇಳಿ."

ಫೋನಿಗೆ ಕಳಿಸಿದರು. ಅಂಗೈಯಗಲದ ಚಿತ್ರದಲ್ಲಿ ಎಲ್ಲವೂ ನುಣ್ಣಗೆ ಚೆಂದವೇ ಕಾಣುತ್ತದೆ. "ತುಂಬಾ ಚೆನ್ನಾಗಿದೆ, ಪ್ರಿಂಟ್ ಹಾಕಿ" ಎಂದು ಉತ್ತರ ಬಂತು.

ಬೋರ್ಡು ಪಾರ್ಲರಿನ ನೆತ್ತಿಯ ಮೇಲೆ, ಎರಡಾಳೆತ್ತರಕ್ಕೆ ಏರಿತು. ನಾಲ್ಕು ರಸ್ತೆ ಕೂಡುವ ಜಾಗ. ಬಸ್ಸಿನಿಂದ ಇಳಿದವರೆಲ್ಲ ಮೊದಲು ನೋಡುವುದು ಅದನ್ನೇ. ಅಂಗೈಯಲ್ಲಿ ನುಣ್ಣಗಿದ್ದದ್ದು ಅಲ್ಲಿ ಚಪ್ಪಟೆಯಾಗಿತ್ತು. ಪಕ್ಕದ ಔಷಧಿ ಅಂಗಡಿಯವನು "ಮೇಡಂಗೆ ಏನಾಯ್ತು, ಹುಷಾರಿಲ್ವಾ?" ಎಂದು ವಿಚಾರಿಸಿದ. ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು ವಾರ ಕಳೆಯುವುದರೊಳಗೆ ಹೆಸರಿಟ್ಟರು: ಹಂಚಿನಮ್ಮ. "ಎಲ್ಲಿಳೀಬೇಕು?" ಅಂದರೆ "ಹಂಚಿನಮ್ಮನ ಹತ್ರ" ಅನ್ನುವಷ್ಟು ಅದು ಊರೆಲ್ಲ ಹಬ್ಬಿತು.

ತಂಗಿ ದಿನಾ ಸಂಜೆ ಸುತ್ತು ಹಾಕಿಕೊಂಡು ಆ ದಾರಿಯಲ್ಲೇ ಮನೆಗೆ ಹೋದಳು. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಜನರ ಮಾತು ಕೇಳಿಸಿಕೊಂಡಳು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆ ತುಂಬಿದಂತಾಗುತ್ತಿತ್ತು.

ಅಮ್ಮ ಮಾತ್ರ ಬೋರ್ಡು ನೋಡಿ ಬಂದವಳು ನೇರ ಕಿರಿಮಗಳ ಮುಂದೆ ನಿಂತಳು. "ಅವಳ ಮೂಗು ಎಲ್ಲಿ ಹೋಯ್ತೇ?"

"ಅವಳೇ ಬೇಡ ಅಂದ್ಳಮ್ಮ."

"ಹೂಂ. ಅವಳು ಬೇಡ ಅಂದ್ಳು, ನೀನು ಕೊಯ್ದುಬಿಟ್ಟೆ." ಅಮ್ಮ ಅಷ್ಟೇ ಅಂದು ತರಕಾರಿ ಚೀಲ ಕೆಳಗಿಟ್ಟಳು. ಇಬ್ಬರನ್ನೂ ಹೆತ್ತವಳು ಯಾರ ಕಡೆಗೆಂದು ಮಾತಾಡಿಯಾಳು?

ಅಕ್ಕನಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ತನ್ನಲ್ಲೇ ಕೆಲಸ ಮಾಡುವ ಹೆಂಗಸು ಫೋನಿನಲ್ಲಿ "ನಾನು ಹಂಚಿನಮ್ಮನ ಪಾರ್ಲರಿನಲ್ಲಿದೀನಿ" ಅಂದದ್ದು ಕಿವಿಗೆ ಬಿದ್ದಾಗ. ಮಾರನೆಯ ಬೆಳಗ್ಗೆ ಅವಳು ಸ್ಟುಡಿಯೋಗೆ ನುಗ್ಗಿದಳು. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದವರು ಬೆಂಚಿನ ಮೇಲೆ ಕೂತಿದ್ದರು.

"ಬೇಕಂತಲೇ ಮಾಡಿದ್ಯಾ?"

"ಹೌದು" ಎಂದಳು ತಂಗಿ. ಸುಳ್ಳು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.



"ಯಾಕೆ? ನಾನೇನು ಮಾಡಿದ್ದೆ ನಿಂಗೆ?"

"ಹೋಟೆಲ್ಲು ನೆನಪಿದ್ಯಾ? ಕೌಂಟರ್ ಕೆಲಸ? ಮುಂದೆ ನಿಲ್ಲಿಸಬೇಡಿ, ಕಣ್ಣು ಕುಕ್ಕುತ್ತೆ ಅಂದೆ."

ಅಕ್ಕ ಕಣ್ಣು ಮಿಟುಕಿಸಿದಳು. ನಿಜಕ್ಕೂ ಅವಳು ನೆನಪಿನಲ್ಲಿ ಹುಡುಕುತ್ತಿದ್ದಳು, ಆ ಮಾತು ಸಿಗಲೊಲ್ಲದು. "ಹಂಗಂದಿದ್ನಾ? ಅಂದಿದ್ರೂ ತಮಾಷೆಗೆ ಅಂದಿರ್ತೀನಿ ಕಣೇ. ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ಯಾ?"

ತಂಗಿಗೆ ಆಗ ಬಂದ ಸಿಟ್ಟು ಬೋರ್ಡು ಮಾಡುವಾಗಲೂ ಬಂದಿರಲಿಲ್ಲ. ತಾನು ಇಷ್ಟು ಕಾಲ ಹೊತ್ತ ಭಾರ, ಅದನ್ನು ಹೊರಿಸಿದವಳ ಲೆಕ್ಕದಲ್ಲೇ ಇಲ್ಲ.

"ಬೇರೆ ಮಾಡ್ಕೊಡ್ತೀನಿ. ಒಳಗೆ ಬಾ, ಕೂತ್ಕೋ" ಎಂದಳು. ಬಾಗಿಲು ಮುಚ್ಚಲಿಲ್ಲ. ಮೊದಲು ಮೂಲ ಫೋಟೋ ತೆರೆದು ಹಿಗ್ಗಿಸಿ ದೊಡ್ಡ ಪರದೆಯ ತುಂಬ ಮೂಗೊಂದನ್ನೇ ನಿಲ್ಲಿಸಿದಳು. ಒಂದೊಂದು ರಂಧ್ರವೂ ಬೆರಳಗಲ, ದಂಡೆಯ ಮೇಲೆ ಜಿಡ್ಡಿನ ಬಿಳುಪು. ಬೆಂಚಿನವರು ಕತ್ತು ಚಾಚಿದರು.

"ನೋಡು. ಬುಡ್ಡಿ ಯಾರು ಈಗ?"

ಅಕ್ಕ ಸೆರಗಿನ ತುದಿಯಿಂದ ತನ್ನ ಮೂಗು ಒರೆಸಿಕೊಂಡಳು. ಒರೆಸಿಕೊಂಡದ್ದು ತನಗೇ ಗೊತ್ತಾಗಿ ಕೈ ಇಳಿಸಿದಳು. ಮುಖ ಕೆಂಪಾಗಿತ್ತು. ಎದ್ದು ಹೋಗಲಿಲ್ಲ, ಹೋದರೆ ಬೋರ್ಡು ಹಾಗೇ ಉಳಿಯುತ್ತದಲ್ಲ.

ಆಮೇಲೆ ತಂಗಿ ಹಳೆಯ ಲೇಯರ್ ತೆಗೆದು ಹೊಸದು ಹಾಸಿದಳು. ಮತ್ತೆ ಡಾರ್ಕನ್. ಹಣೆಗೆ ಹಣೆಯ ಅಂಚಿನ ಬಣ್ಣ, ಮೂಗಿಗೆ ಮೂಗಿನ ಪಕ್ಕದ್ದು. ಮೆತ್ತನೆ ಅಂಚಿನ ಕುಂಚ, ಐದರಲ್ಲೊಂದು ಪಾಲು ಗಟ್ಟಿ. ಸವರಿ, ನೋಡಿ, ಮತ್ತೆ ಸವರಿದಳು. ಹಣೆಯ ನಡುವೆ ಒಂದು ಕಡೆ ಬೆಳಕು ಪೂರ್ತಿ ಸುಟ್ಟು ಬಿಳಿಯಾಗಿತ್ತು. ಅಲ್ಲಿ ಬಣ್ಣ ತುಂಬಿದರೆ ತೇಪೆಯಾದೀತೆಂದು ಪಕ್ಕದ ಚರ್ಮದ ರಂಧ್ರಗಳನ್ನು ತಂದು ಕೂರಿಸಿದಳು. ಕೊನೆಗೆ ಸವರಿದ್ದನ್ನು ಬೇಕಾದ ಕಡೆ ಮರೆಮಾಡಲು ಲೇಯರಿಗೆ ಮಾಸ್ಕ್ ಹಾಕಿ, ಮೂಗಿನ ದಂಡೆಯ ಮೇಲೊಂದು ಸಣ್ಣ ಗೆರೆ, ತುದಿಯಲ್ಲೊಂದು ಚುಕ್ಕಿ, ಹಣೆಯಲ್ಲಿ ಮಂಜಿನಂಥ ಬೆಳಕನ್ನು ಅರ್ಧಕ್ಕರ್ಧ ಮರಳಿಸಿದಳು. ಜಿಡ್ಡು ಹೋಗಿತ್ತು. ಮೂಗು ಎದ್ದು ಬಂತು. ಮುಖದಲ್ಲಿ ರಕ್ತ ಓಡಾಡಿದ ಹಾಗಾಯಿತು.

ಅಕ್ಕ ತುಂಬ ಹೊತ್ತು ನೋಡಿದಳು. "ಮೊದಲೇ ಹಿಂಗೆ ಮಾಡಬಹುದಿತ್ತು" ಎಂದಳು.

"ಮಾಡಬಹುದಿತ್ತು."

ಅಕ್ಕ ಇನ್ನೊಂದು ಮಾತಿಗೆ ಕಾದಳು. ತಂಗಿಯೂ ಕಾದಳು. ಇಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಅಕ್ಕ ಕೈಚೀಲ ಎತ್ತಿಕೊಂಡು ಹೊರಟಳು.

ಮಾಲೀಕರು ಆ ಸಂಜೆ ಗಂಭೀರವಾಗಿ ಹೇಳಿದರು: "ಬೋರ್ಡಿನ ಮೂಲೇಲಿ ನಮ್ಮ ಸ್ಟುಡಿಯೋ ಹೆಸರೂ ಇತ್ತು ಮೇಡಂ. ನಿಮ್ಮ ಮನೆ ಜಗಳಕ್ಕೆ ನನ್ನ ಹೆಸರು ಯಾಕೆ?" ಆ ಒಂದು ಮಾತಿಗೆ ಮಾತ್ರ ತಂಗಿ ತಲೆ ತಗ್ಗಿಸಿದಳು. "ತಪ್ಪಾಯ್ತು ಸಾರ್" ಎಂದಳು. ಅದು ಮನಸ್ಸಿನಿಂದಲೇ ಬಂತು. ಅಕ್ಕನಿಗೆ ಹೇಳಬೇಕಾದ ತಪ್ಪಾಯ್ತು ತನ್ನೊಳಗೆ ಇದೆಯೇ ಎಂದು ಹುಡುಕಿದಳು, ಇರಲಿಲ್ಲ.

ಹೊಸ ಬೋರ್ಡು ಏರಿತು. ಚೆನ್ನಾಗಿತ್ತು. ಅಕ್ಕನ ಎರಡೂ ಪಾರ್ಲರಿಗೆ ಗಿರಾಕಿಗಳೇನೂ ಕಡಿಮೆಯಾಗಲಿಲ್ಲ. ಅಮ್ಮನ ಮನೆಗೆ ಈಗ ಅಕ್ಕ ಭಾನುವಾರ ಬೆಳಗ್ಗೆ ಬರುತ್ತಾಳೆ, ತಂಗಿ ಸಂಜೆ. ಅಮ್ಮ ಒಂದೇ ಅಡುಗೆಯನ್ನು ಎರಡು ಸಲ ಬಿಸಿ ಮಾಡುತ್ತಾಳೆ, ಮಾಡುವಾಗ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾಳೆ.